ಉದ್ದದ ದೂರನ್ನು ಅರ್ಧ ಪುಟಕ್ಕೆ ಇಳಿಸುವುದು: ಒಡೆದ ನೀರಿನ ಕೊಳವೆಯ ಬಗ್ಗೆ ನಗರಸಭೆಗೆ ಬರೆದ ಒಂದು ಪತ್ರದ ತಿದ್ದುಪಡಿ

ನಗರಸಭೆಗೆ ಕೊಟ್ಟ ಪತ್ರವನ್ನು ಪೌರಾಯುಕ್ತರು ಕುಳಿತು ಮೊದಲಿನಿಂದ ಕೊನೆಯವರೆಗೆ ಓದುತ್ತಾರೆಂದು ನಂಬಿ ಬರೆಯುವುದರಿಂದಲೇ ದೂರು ಪತ್ರಗಳು ಉದ್ದವಾಗುತ್ತವೆ. ಪತ್ರ ಮೊದಲು ಹೋಗುವುದು ಆವಕ ವಿಭಾಗದ ಗುಮಾಸ್ತರ ಕೈಗೆ. ಅವರು ಮೊಹರು ಹಾಕಿ, ಕ್ರಮಸಂಖ್ಯೆ ಕೊಟ್ಟು, ವಹಿಯಲ್ಲಿ ದಿನಾಂಕ, ಬರೆದವರ ಹೆಸರು ಮತ್ತು ವಿಷಯವನ್ನು ನಮೂದಿಸುತ್ತಾರೆ. ಅವರು ಓದುವುದು ಬಹುಮಟ್ಟಿಗೆ ವಿಷಯದ ಸಾಲನ್ನು ಮಾತ್ರ. ಬಳಿಕ ಅದು ಅಧಿಕಾರಿಯ ಮೇಜಿಗೆ ಬರುತ್ತದೆ. ಅವರು ಕೋರಿಕೆ ಏನೆಂದು ನೋಡಿ, ಅಂಚಿನಲ್ಲಿ ಒಂದು ಷರಾ ಬರೆದು ನೀರು ಸರಬರಾಜು ಶಾಖೆಗೆ ಕಳುಹಿಸುತ್ತಾರೆ. ಕೊನೆಗೆ ಅದು ಕಿರಿಯ ಅಭಿಯಂತರರಿಗೆ, ಅಂದರೆ ಎಲ್ಲರೂ ಜೆಇ ಎಂದು ಕರೆಯುವವರಿಗೆ ತಲುಪುತ್ತದೆ. ಅವರಿಗೂ ಅವರು ಕಳುಹಿಸುವ ವಾಲ್ವ್‌ಮನ್‌ಗೂ ಬೇಕಾಗಿರುವುದು ಒಂದೇ: ಎಲ್ಲಿ ಅಗೆಯಬೇಕು?

ಈ ಮೂವರಲ್ಲಿ ಯಾರೊಬ್ಬರಿಗೂ ಬೇಡವಾದ ವಾಕ್ಯ ಪತ್ರದಲ್ಲಿ ಇರಬೇಕಾಗಿಲ್ಲ. ಇವರ ಜೊತೆಗೆ ನಾಲ್ಕನೆಯ ಓದುಗರೊಬ್ಬರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೆಲಸ ಆಗದೆ ವಿಷಯ ಮೇಲಧಿಕಾರಿಗೋ ಮಾಹಿತಿ ಹಕ್ಕಿನ ಅರ್ಜಿಗೋ ಹೋದಾಗ, ತಿಂಗಳುಗಳ ನಂತರ ಈ ಪತ್ರವನ್ನು ತೆರೆಯುವವರು ಅವರು. ಅವರಿಗೆ ಬೇಕಾಗುವುದು ದಿನಾಂಕಗಳು. ಈ ಅಳತೆಗೋಲನ್ನು ಹಿಡಿದು ಒಂದು ಉದ್ದದ ಪತ್ರವನ್ನು ಹಂತ ಹಂತವಾಗಿ ಇಳಿಸಿ ನೋಡೋಣ. ಕೆಳಗಿನ ಪತ್ರ ಈ ಲೇಖನಕ್ಕಾಗಿಯೇ ರಚಿಸಿದ್ದು, ಆದರೆ ಇಂಥದ್ದನ್ನು ಓದದ ಆವಕ ಗುಮಾಸ್ತರು ಇರಲಾರರು.

ಮೂಲ ಪತ್ರ

> ವಿಷಯ: ನಮ್ಮ ಬಡಾವಣೆಯ ಸಮಸ್ಯೆಗಳ ಬಗ್ಗೆ.
>
> ಮಾನ್ಯರೇ,
>
> ತಮ್ಮ ಸನ್ನಿಧಾನದಲ್ಲಿ ಅತ್ಯಂತ ವಿನಯಪೂರ್ವಕವಾಗಿ ಬಿನ್ನವಿಸಿಕೊಳ್ಳುವುದೇನೆಂದರೆ, ನಾನು ಕಳೆದ ಇಪ್ಪತ್ತೆರಡು ವರ್ಷಗಳಿಂದ ಇದೇ ಬಡಾವಣೆಯಲ್ಲಿ ವಾಸವಾಗಿದ್ದು, ಒಂದು ವರ್ಷವೂ ತಪ್ಪದೆ ಮನೆ ಕಂದಾಯ ಮತ್ತು ನೀರಿನ ಕರವನ್ನು ಪಾವತಿಸುತ್ತಾ ಬಂದಿರುತ್ತೇನೆ. ನಾವು ಬಂದಾಗ ಇಲ್ಲಿ ರಸ್ತೆಯೂ ಇರಲಿಲ್ಲ, ಚರಂಡಿಯೂ ಇರಲಿಲ್ಲ. ನಾವೇ ಓಡಾಡಿ ಎಲ್ಲವನ್ನೂ ಮಾಡಿಸಿಕೊಂಡೆವು. ಹೀಗಿರುವಾಗ ಹದಿನೈದು ದಿನಗಳ ಹಿಂದೆ ಯಾವುದೋ ಕೇಬಲ್ ಕಂಪನಿಯವರು ಜೆಸಿಬಿ ತಂದು ರಸ್ತೆ ಅಗೆದು ಹೋದರು. ಅಂದಿನಿಂದ ನಮ್ಮ ರಸ್ತೆಯಲ್ಲಿ ಪೈಪು ಒಡೆದು ಲಕ್ಷಾಂತರ ಲೀಟರ್ ಕುಡಿಯುವ ನೀರು ಚರಂಡಿ ಪಾಲಾಗುತ್ತಿದ್ದು, ಒಂದು ಕಡೆ ಜನ ಕೊಡ ಹಿಡಿದು ಅಲೆಯುತ್ತಿರುವಾಗ ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನೀರು ಬಿಡುವವನಿಗೆ ಹೇಳಿದರೆ "ನನಗೇನು ಗೊತ್ತು, ಆಫೀಸಿಗೆ ಹೋಗಿ ಹೇಳಿ" ಎಂದು ಉಡಾಫೆಯಿಂದ ಉತ್ತರಿಸುತ್ತಾನೆ. ನಾಲ್ಕನೇ ತಾರೀಕು ಫೋನ್ ಮಾಡಿದೆವು, ಯಾರೋ ಬರೆದುಕೊಂಡರು. ಹನ್ನೊಂದರಂದು ಕಚೇರಿಗೇ ಬಂದೆವು, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದು ವಾಪಸು ಕಳುಹಿಸಿದರು. ಒಡೆದ ಜಾಗದ ಪಕ್ಕದಲ್ಲೇ ಚರಂಡಿ ಇರುವುದರಿಂದ ನಲ್ಲಿಯಲ್ಲಿ ಮೊದಲು ಕೆಸರು ನೀರು ಬಂದು ವಾಸನೆ ಹೊಡೆಯುತ್ತದೆ. ಪಕ್ಕದ ಮನೆಯ ಮಗುವಿಗೆ ವಾಂತಿಭೇದಿಯಾಗಿದ್ದು ಇದಕ್ಕೆ ಈ ನೀರೇ ಕಾರಣ. ಕೊನೆಯ ಮನೆಗಳಿಗೆ ನೀರು ಏರುವುದೇ ಇಲ್ಲ. ಮೊನ್ನೆ ಆ ಗುಂಡಿಯಲ್ಲಿ ಸ್ಕೂಟರಿನವರೊಬ್ಬರು ಬಿದ್ದರು. ಇದಲ್ಲದೆ ಬೀದಿ ದೀಪ ಉರಿಯುತ್ತಿಲ್ಲ, ಕಸದ ಗಾಡಿ ವಾರಕ್ಕೆ ಎರಡು ಸಲವೂ ಬರುವುದಿಲ್ಲ. ಚುನಾವಣೆ ಬಂದಾಗ ಮಾತ್ರ ನಾವು ನೆನಪಾಗುತ್ತೇವೆ. ಆದ್ದರಿಂದ ತಾವು ದಯಮಾಡಿ ಕೂಡಲೇ ಸೂಕ್ತ ಕ್ರಮ ಕೈಗೊಳ್ಳಬೇಕು, ಇಲ್ಲವಾದಲ್ಲಿ ಬಡಾವಣೆಯವರೆಲ್ಲ ಸೇರಿ ಉಗ್ರ ಹೋರಾಟ ಮಾಡಬೇಕಾಗುತ್ತದೆ ಎಂದು ತಮ್ಮಲ್ಲಿ ಕಳಕಳಿಯಿಂದ ಪ್ರಾರ್ಥಿಸುತ್ತೇನೆ.

ಇದನ್ನು ಬರೆದವರ ಸಂಕಟದಲ್ಲಿ ಸುಳ್ಳಿಲ್ಲ. ಆದರೂ ಇದನ್ನು ಹಿಡಿದು ಹೊರಟ ವಾಲ್ವ್‌ಮನ್‌ಗೆ ಯಾವ ರಸ್ತೆಗೆ ಹೋಗಬೇಕೆಂಬುದು ತಿಳಿಯುವುದಿಲ್ಲ.

ಮೊದಲ ಹಂತ: ಕೋರಿಕೆಯನ್ನು ಬೇರೆ ಹಾಳೆಯಲ್ಲಿ ಬರೆಯುವುದು

ವಾಕ್ಯಗಳನ್ನು ಹೊಡೆದು ಹಾಕಲು ತೊಡಗುವ ಮುನ್ನ, ಈ ಪತ್ರದಿಂದ ಏನು ಆಗಬೇಕು ಎಂಬುದನ್ನು ಪ್ರತ್ಯೇಕವಾಗಿ ಬರೆದುಕೊಳ್ಳಬೇಕು. ಮೂಲದಲ್ಲಿರುವ "ಸೂಕ್ತ ಕ್ರಮ" ಎಂಬುದು ಕೋರಿಕೆಯಲ್ಲ. ಸೂಕ್ತ ಯಾವುದೆಂದು ನಿರ್ಧರಿಸುವ ಕೆಲಸವನ್ನು ಅದು ಕಚೇರಿಗೇ ಬಿಟ್ಟುಕೊಡುತ್ತದೆ, ಮತ್ತು ಯಾರಾದರೂ ಬಂದು ನೋಡಿಕೊಂಡು ಹೋದರೂ ಕ್ರಮ ಕೈಗೊಂಡಂತೆ ಕಡತದಲ್ಲಿ ಬರೆಯಬಹುದು. ನಮ್ಮ ಉದಾಹರಣೆಯಲ್ಲಿ ಬೇಕಾಗಿರುವುದು ಮೂರು ಕೆಲಸಗಳು: ಕೊಳವೆಯ ಒಡೆದ ಭಾಗ ದುರಸ್ತಿಯಾಗಬೇಕು, ದುರಸ್ತಿಯ ನಂತರ ಕೊಳವೆಯನ್ನು ತೊಳೆದು ನಲ್ಲಿ ನೀರಿನ ಮಾದರಿಯನ್ನು ಪರೀಕ್ಷಿಸಬೇಕು, ಅಗೆದ ಗುಂಡಿ ಮುಚ್ಚಬೇಕು. ಎರಡನೆಯದನ್ನು ಜನ ಸಾಮಾನ್ಯವಾಗಿ ಕೇಳುವುದೇ ಇಲ್ಲ. ಮೂರನೆಯದನ್ನು ಕೇಳದಿದ್ದರೆ ಕೊಳವೆ ಸರಿಯಾದ ಮೇಲೂ ಗುಂಡಿ ಹಾಗೆಯೇ ಉಳಿಯುವ ಸಂಭವ ಹೆಚ್ಚು. ಪತ್ರದ ಉಳಿದ ಪ್ರತಿಯೊಂದು ವಾಕ್ಯವೂ ಈ ಮೂರರಲ್ಲಿ ಒಂದಕ್ಕೆ ಆಧಾರವಾಗಿರಬೇಕು.

ಎರಡನೆಯ ಹಂತ: ಗುರುತು ಹಾಕುತ್ತ ಓದುವುದು

ಈಗ ಮೂಲ ಪತ್ರವನ್ನು ಪೆನ್ಸಿಲ್ ಹಿಡಿದು ಓದಿ, ಸ್ಥಳ ಹೇಳುವ ಮಾತಿನ ಮುಂದೆ "ಸ್ಥ", ದಿನಾಂಕ ಅಥವಾ ಹಿಂದಿನ ದೂರನ್ನು ಹೇಳುವ ಮಾತಿನ ಮುಂದೆ "ದಿ", ಕಣ್ಣಿಗೆ ಕಂಡ ಪರಿಣಾಮದ ಮುಂದೆ "ಪ", ಕೋರಿಕೆಯ ಮುಂದೆ "ಕೋ" ಎಂದು ಬರೆಯಿರಿ. ಯಾವ ಗುರುತೂ ಬೀಳದ ವಾಕ್ಯಗಳು ತಾವಾಗಿಯೇ ಹೊರಗುಳಿಯುತ್ತವೆ. ಇಪ್ಪತ್ತೆರಡು ವರ್ಷದ ವಾಸ, ತಪ್ಪದೆ ಕಟ್ಟಿದ ಕಂದಾಯ, ರಸ್ತೆ ಚರಂಡಿ ಇಲ್ಲದ ಕಾಲ, ಹೊಟ್ಟೆಯುರಿ, ಚುನಾವಣೆ, ಉಗ್ರ ಹೋರಾಟ ಇವೆಲ್ಲ ಹೀಗೆ ಹೋಗುತ್ತವೆ. ಕರ ಕಟ್ಟಿದ ಮಾತನ್ನು ಬಿಡಲು ಹಲವರಿಗೆ ಮನಸ್ಸು ಬರುವುದಿಲ್ಲ. ಆದರೆ ಸಾರ್ವಜನಿಕ ಕೊಳವೆಯನ್ನು ದುರಸ್ತಿ ಮಾಡುವುದು ದೂರುದಾರರ ಕಂದಾಯದ ರಸೀದಿಯನ್ನು ಅವಲಂಬಿಸಿಲ್ಲ. ಸ್ವಂತ ನಲ್ಲಿ ಸಂಪರ್ಕದ ಬಗ್ಗೆ ಬರೆಯುವಾಗ ಮಾತ್ರ ಸಂಪರ್ಕ ಸಂಖ್ಯೆ ಮತ್ತು ಬಾಕಿಯಿಲ್ಲ ಎಂಬ ಮಾತು ಉಪಯೋಗಕ್ಕೆ ಬರುತ್ತದೆ.

ಗುರುತು ಹಾಕಿ ಮುಗಿಸಿದಾಗ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ: ಇಷ್ಟುದ್ದದ ಪತ್ರದಲ್ಲಿ "ಸ್ಥ" ಎಂಬ ಗುರುತು ಬಿದ್ದಿರುವುದು "ನಮ್ಮ ರಸ್ತೆಯಲ್ಲಿ" ಮತ್ತು "ಪಕ್ಕದಲ್ಲೇ ಚರಂಡಿ" ಎಂಬೆರಡು ಮಾತುಗಳಿಗೆ ಮಾತ್ರ. ಹಾಗಾಗಿ ಪತ್ರವನ್ನು ಚಿಕ್ಕದು ಮಾಡುವ ಕೆಲಸದಲ್ಲಿ ತೆಗೆಯುವುದಷ್ಟೇ ಅಲ್ಲ, ಇಲ್ಲದ್ದನ್ನು ಸೇರಿಸುವುದೂ ಇದೆ.

ಮೂರನೆಯ ಹಂತ: ಸ್ಥಳವನ್ನು ಅಗೆಯುವವರಿಗೆ ತಿಳಿಯುವಂತೆ ಬರೆಯುವುದು

ಬರೆಯುವವರ ಮನೆಯ ವಿಳಾಸ ಒಡೆದ ಸ್ಥಳದ ವಿಳಾಸವಲ್ಲ. ವಾರ್ಡ್ ಸಂಖ್ಯೆ, ಬಡಾವಣೆ, ಅಡ್ಡರಸ್ತೆ ಇವುಗಳ ನಂತರ ಕದಲದ ಒಂದು ಗುರುತು ಬೇಕು: ವಿದ್ಯುತ್ ಕಂಬ (ಸಂಖ್ಯೆ ಬರೆದಿದ್ದರೆ ಅದೂ), ಶಾಲೆಯ ಗೇಟು, ವಾಲ್ವ್ ಇರುವ ಗುಂಡಿ. ಆ ಗುರುತಿನಿಂದ ಯಾವ ದಿಕ್ಕಿಗೆ ಎಷ್ಟು ಹೆಜ್ಜೆ ಅಥವಾ ಎಷ್ಟು ಅಡಿ, ರಸ್ತೆಯ ಯಾವ ಬದಿ ಎಂಬುದನ್ನು ಬರೆದರೆ ಸಾಕು. ವಾಲ್ವ್‌ಮನ್‌ಗಳಿಗೆ ವಾಲ್ವ್ ಗುಂಡಿಗಳು ಚೆನ್ನಾಗಿ ಗೊತ್ತಿರುವುದರಿಂದ ಅದೇ ಅತ್ಯುತ್ತಮ ಗುರುತು. ದಿನ ಬಿಟ್ಟು ದಿನ ನೀರು ಬಿಡುವ ಊರುಗಳಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು, ಏಕೆಂದರೆ ನೀರು ಬಿಡದ ದಿನ ಜೆಇ ಬಂದು ನೋಡಿದರೆ ಒಣಗಿದ ಮಣ್ಣು ಬಿಟ್ಟು ಮತ್ತೇನೂ ಕಾಣುವುದಿಲ್ಲ. "ಸ್ಥಳ ಪರಿಶೀಲಿಸಲಾಗಿ ಸೋರಿಕೆ ಕಂಡುಬಂದಿರುವುದಿಲ್ಲ" ಎಂಬ ವರದಿಯೊಂದಿಗೆ ಕಡತ ಮುಚ್ಚಿಹೋಗಬಹುದು. ಆದ್ದರಿಂದ ನೀರು ಬಿಡುವ ದಿನ ಮತ್ತು ಸಮಯವನ್ನೂ ಸ್ಥಳದ ಜೊತೆಗೇ ಬರೆಯಬೇಕು.

ಒಡೆದಿರುವುದು ಯಾವ ಕೊಳವೆ ಎಂಬುದೂ ಸ್ಥಳದ ವಿವರವೇ. ರಸ್ತೆಯುದ್ದಕ್ಕೂ ಹೋಗುವ ವಿತರಣಾ ಕೊಳವೆ ಸಾಮಾನ್ಯವಾಗಿ ನಗರಸಭೆಯ ಹೊಣೆ. ಅದರಿಂದ ಕವಲೊಡೆದು ಒಂದು ಮನೆಗೆ ಹೋಗುವ ಸಣ್ಣ ಕೊಳವೆ ಒಡೆದಿದ್ದರೆ ದುರಸ್ತಿಯನ್ನು ಮನೆಯವರೇ ಮಾಡಿಸಿಕೊಳ್ಳಬೇಕೆಂದು ಕಚೇರಿ ಹೇಳುವುದುಂಟು. ನೀರು ಉಕ್ಕುವ ಜಾಗ ಯಾವ ಮನೆಯ ಸಂಪರ್ಕದ ಗೆರೆಯಲ್ಲೂ ಇಲ್ಲದಿದ್ದರೆ, ಅಲ್ಲಿಂದ ಮುಂದಿನ ಎಲ್ಲ ಮನೆಗಳಲ್ಲೂ ಒತ್ತಡ ಕಡಿಮೆಯಾಗಿದ್ದರೆ, ಒಡೆದಿರುವುದು ರಸ್ತೆಯ ಕೊಳವೆ ಎಂದು ಹೇಳಬಹುದು. ಮೂಲ ಪತ್ರದ "ಕೊನೆಯ ಮನೆಗಳಿಗೆ ನೀರು ಏರುವುದೇ ಇಲ್ಲ" ಎಂಬ ಮಾತು ಮೇಲ್ನೋಟಕ್ಕೆ ಗೊಣಗಾಟದಂತೆ ಕಂಡರೂ ಈ ಕಾರಣಕ್ಕಾಗಿ ಬೆಲೆಯುಳ್ಳದ್ದು, ಉಳಿಯಬೇಕಾದದ್ದು.

ನಾಲ್ಕನೆಯ ಹಂತ: "ಲಕ್ಷಾಂತರ ಲೀಟರ್" ಬದಲು ಒಂದು ಅಳತೆ

ದೊಡ್ಡ ಸಂಖ್ಯೆ ಬರೆದರೆ ದೂರಿಗೆ ತೂಕ ಬರುತ್ತದೆಂಬುದು ತಪ್ಪು ಕಲ್ಪನೆ. ಸಾವಿರಾರು ಮನೆಗಳಿಗೆ ನೀರು ಹಂಚುವ ಅಭಿಯಂತರರು ಆ ಮಾತನ್ನು ಓದಿದ ಕೂಡಲೇ ಉಳಿದ ಮಾತುಗಳನ್ನೂ ಅನುಮಾನದಿಂದ ನೋಡುತ್ತಾರೆ. ಸೋರಿದ ನೀರು ಚರಂಡಿಗೆ ಧುಮುಕುವ ಜಾಗದಲ್ಲಿ 15 ಲೀಟರಿನ ಬಕೆಟ್ ಹಿಡಿದು, ಅದು ತುಂಬಲು ಹಿಡಿಯುವ ಸಮಯವನ್ನು ಮೊಬೈಲಿನಲ್ಲಿ ನೋಡಿಕೊಳ್ಳಿ. 40 ಸೆಕೆಂಡಿಗೆ ತುಂಬಿದರೆ ಗಂಟೆಗೆ 1,350 ಲೀಟರ್ ಆಯಿತು. ಒಂದು ಸಲಕ್ಕೆ 3 ಗಂಟೆ ನೀರು ಬಿಡುವುದಾದರೆ ಸುಮಾರು 4,000 ಲೀಟರ್. ಮಣ್ಣಿನಲ್ಲಿ ಇಂಗಿದ್ದು ಬಕೆಟ್ಟಿಗೆ ಸಿಕ್ಕಿರುವುದಿಲ್ಲವಾದ್ದರಿಂದ "ಕನಿಷ್ಠ" ಎಂಬ ಪದ ಸೇರಿಸುವುದು ನ್ಯಾಯ. ಪತ್ರದಲ್ಲಿ ಈ ಲೆಕ್ಕವನ್ನೆಲ್ಲ ವಿವರಿಸಬೇಕಾಗಿಲ್ಲ, "ಬಕೆಟ್ ಅಳತೆಯಂತೆ" ಎಂದರೆ ಓದುವವರಿಗೆ ತಿಳಿಯುತ್ತದೆ. ಅಳೆಯಲು ಆಗದಿದ್ದರೆ ಸಂಖ್ಯೆಯನ್ನೇ ಬಿಟ್ಟುಬಿಡಿ.

ದಿನಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. "ಹದಿನೈದು ದಿನಗಳ ಹಿಂದೆ" ಎಂಬುದು ಪತ್ರ ಕೊಟ್ಟ ದಿನ ಸರಿಯಾಗಿರುತ್ತದೆ. ಅದು ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಅರ್ಥ ಕಳೆದುಕೊಳ್ಳುತ್ತದೆ. "ದಿನಾಂಕ 02-06-2025ರಿಂದ" ಎಂದು ಬರೆದರೆ ಯಾವಾಗ ಓದಿದರೂ ಲೆಕ್ಕ ಸಿಗುತ್ತದೆ.

ಐದನೆಯ ಹಂತ: ಆರೋಗ್ಯದ ಮಾತಿನಲ್ಲಿ ಕಂಡದ್ದನ್ನೂ ಊಹೆಯನ್ನೂ ಬೇರ್ಪಡಿಸುವುದು

ಇಡೀ ಪತ್ರದಲ್ಲಿ ಅತಿ ಮುಖ್ಯವಾದ ವಾಕ್ಯ ಕೆಸರು ನೀರಿನದು, ಆದರೆ ಅದು ಸ್ಕೂಟರು, ಕಸದ ಗಾಡಿಗಳ ನಡುವೆ ಹೂತುಹೋಗಿದೆ. ನೀರು ಬಿಟ್ಟಾಗ ಕೊಳವೆಯೊಳಗೆ ಒತ್ತಡ ಇರುವುದರಿಂದ ಬಿರುಕಿನಿಂದ ನೀರು ಹೊರಗೆ ಹೋಗುತ್ತದೆ. ವಾಲ್ವ್ ಮುಚ್ಚಿ ಕೊಳವೆ ಖಾಲಿಯಾಗುವಾಗ ಒತ್ತಡ ಇಳಿದು, ಗುಂಡಿಯಲ್ಲಿ ನಿಂತ ಕೊಳಚೆ ಅದೇ ಬಿರುಕಿನಿಂದ ಒಳಗೆ ಸೇರಬಹುದು. ಮುಂದಿನ ಸಲ ನೀರು ಬಿಟ್ಟಾಗ ಮೊದಲು ನಲ್ಲಿಗೆ ಬರುವುದು ಅದು. ಜೆಇಗೆ ಇದನ್ನು ವಿವರಿಸಬೇಕಾಗಿಲ್ಲ. ಒಡೆದ ಜಾಗ ಚರಂಡಿಗೆ ಎಷ್ಟು ಹತ್ತಿರವಿದೆ, ಎಷ್ಟು ನಿಮಿಷ ಬಣ್ಣದ ನೀರು ಬರುತ್ತದೆ, ವಾಸನೆ ಇದೆಯೇ ಎಂಬ ಮೂರು ಸಂಗತಿಗಳನ್ನು ಬರೆದರೆ ಅವರೇ ಅರ್ಥ ಮಾಡಿಕೊಳ್ಳುತ್ತಾರೆ, ಮತ್ತು ಬರಿಯ ಸೋರಿಕೆ ಎನ್ನುವ ದೂರಿಗಿಂತ ಇದನ್ನು ಮೊದಲು ಕೈಗೆತ್ತಿಕೊಳ್ಳಲು ಕಾರಣ ಸಿಗುತ್ತದೆ.

"ಮಗುವಿಗೆ ವಾಂತಿಭೇದಿ, ಇದಕ್ಕೆ ಈ ನೀರೇ ಕಾರಣ" ಎಂಬುದು ಬೇರೆ ಬಗೆಯ ವಾಕ್ಯ. ಕಾಯಿಲೆ ನಿಜವಿರಬಹುದು, ಕಾರಣ ಊಹೆ. ಕಚೇರಿಯವರು ಆ ಊಹೆಯನ್ನು ಅಲ್ಲಗಳೆಯುವುದರಲ್ಲೇ ಉತ್ತರ ಮುಗಿಸಿಬಿಡಬಹುದು. ಅದನ್ನು ತೆಗೆದು, ಅದರ ಜಾಗದಲ್ಲಿ ನೀರಿನ ಮಾದರಿಯ ಪರೀಕ್ಷೆಯನ್ನು ಕೋರುವುದು ಹೆಚ್ಚು ಬಲವಾದ ನಡೆ. ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕಾಯಿಲೆ ಕಾಣಿಸಿಕೊಂಡಿದ್ದರೆ ಅದೇ ದಿನ ಆರೋಗ್ಯ ಶಾಖೆಗೆ ಪ್ರತ್ಯೇಕ ಪತ್ರ ಕೊಡಬೇಕು, ಮತ್ತು ಪತ್ರದ ದಾರಿ ಕಾಯದೆ ಹತ್ತಿರದ ಸರ್ಕಾರಿ ಆಸ್ಪತ್ರೆಗೂ ತಿಳಿಸಬೇಕು.

ಆರನೆಯ ಹಂತ: ಸಿಟ್ಟು, ಆರೋಪ ಮತ್ತು ಬೇರೆ ದೂರುಗಳು

ನೀರು ಬಿಡುವವರ ಉಡಾಫೆಯ ಮಾತನ್ನು ಬಿಡುವುದು ಅವರ ಮೇಲಿನ ದಾಕ್ಷಿಣ್ಯಕ್ಕಲ್ಲ. ಆ ವಾಕ್ಯ ಇದ್ದರೆ ಪತ್ರ ದುರಸ್ತಿಯ ಪತ್ರವಾಗಿ ಉಳಿಯದೆ ಸಿಬ್ಬಂದಿಯ ಮೇಲಿನ ದೂರಾಗುತ್ತದೆ. ಅಧಿಕಾರಿ ಮೊದಲು ಅವರಿಂದ ವಿವರಣೆ ಕೇಳಬೇಕಾಗುತ್ತದೆ, ಗುಂಡಿ ಹಾಗೆಯೇ ಇರುತ್ತದೆ. ಕೊನೆಗೆ ವಾಲ್ವ್ ಮುಚ್ಚಿ ದುರಸ್ತಿಗೆ ನೆರವಾಗಬೇಕಾದವರೂ ಅವರೇ. ಕೇಬಲ್ ಅಗೆತದ ಮಾತು ಮಾತ್ರ ಉಳಿಯಬೇಕು, ಏಕೆಂದರೆ ರಸ್ತೆ ಅಗೆಯಲು ಅನುಮತಿ ಪಡೆದವರಿಂದ ವೆಚ್ಚ ವಸೂಲಿ ಮಾಡಬಹುದೇ ಎಂದು ಕಚೇರಿ ನೋಡಬೇಕಾಗುತ್ತದೆ. ಆದರೆ "ಅವರೇ ಒಡೆದರು" ಎನ್ನದೆ "ರಸ್ತೆ ಅಗೆದ ದಿನದಿಂದ ಸೋರುತ್ತಿದೆ" ಎಂದಷ್ಟೇ ಬರೆದರೆ ಸತ್ಯವೂ ಆಯಿತು, ಸಾಕೂ ಆಯಿತು.

ಬೀದಿ ದೀಪ ಮತ್ತು ಕಸವನ್ನು ಬೇರೆ ಬೇರೆ ಹಾಳೆಗೆ ವರ್ಗಾಯಿಸಿ. ಒಂದೇ ಹಾಳೆಯಲ್ಲಿ ಮೂರು ಶಾಖೆಗಳ ಕೆಲಸವಿದ್ದರೆ ಮೂಲ ಪತ್ರ ಯಾವುದೋ ಒಂದು ಶಾಖೆಯ ಕಡತಕ್ಕೆ ಸೇರಿ, ಉಳಿದವರು ತಮಗೆ ಬಂದೇ ಇಲ್ಲ ಎನ್ನುತ್ತಾರೆ.

ಏಳನೆಯ ಹಂತ: ವಾಕ್ಯಗಳನ್ನು ಹಗುರ ಮಾಡುವುದು

ಔಪಚಾರಿಕವಾಗಿ ಬರೆಯುವುದೆಂದರೆ ಕಚೇರಿಯ ಟಿಪ್ಪಣಿಯ ಭಾಷೆಯನ್ನು ಅನುಕರಿಸುವುದಲ್ಲ. "ಸೋರಿಕೆಯಾಗುತ್ತಿರುವುದು ನಮ್ಮ ಗಮನಕ್ಕೆ ಬಂದಿರುತ್ತದೆ" ಎಂಬುದನ್ನು "ಸೋರುತ್ತಿದೆ" ಎಂದು ಬರೆದರೆ ಗೌರವಕ್ಕೆ ಕುಂದಿಲ್ಲ. ಸನ್ನಿಧಾನ, ಬಿನ್ನಹ, ಕಳಕಳಿಯ ಪ್ರಾರ್ಥನೆ ಇವುಗಳ ಕೆಲಸವನ್ನು "ಮಾನ್ಯರೇ" ಎಂಬ ಸಂಬೋಧನೆ ಮತ್ತು "ಕೋರುತ್ತೇವೆ" ಎಂಬ ಒಂದು ಕ್ರಿಯಾಪದ ಮಾಡಿಬಿಡುತ್ತವೆ. ಹಲವರು ಸಹಿ ಮಾಡುವುದಾದರೆ "ನಾನು" ಎಲ್ಲ ಕಡೆ "ನಾವು" ಆಗಬೇಕು. ಅರ್ಧದಲ್ಲಿ ಬದಲಾಗುವ ಪತ್ರಗಳೇ ಹೆಚ್ಚು.

ವಿಷಯದ ಸಾಲನ್ನು ಕೊನೆಯಲ್ಲಿ ಬರೆಯುವುದು ಒಳ್ಳೆಯದು. ಆ ಹೊತ್ತಿಗೆ ಪತ್ರ ಯಾವುದರ ಬಗ್ಗೆ ಎಂಬುದು ಬರೆಯುವವರಿಗೇ ಸ್ಪಷ್ಟವಾಗಿರುತ್ತದೆ, ಮತ್ತು ವಹಿಯಲ್ಲಿ ನಮೂದಾಗುವ ಆ ಒಂದು ಸಾಲಿನಲ್ಲಿ ಸ್ಥಳ, ತೊಂದರೆ, ಕೋರಿಕೆ ಮೂರೂ ಸೇರಬೇಕು.

ಇಳಿಸಿದ ಪತ್ರ

> ದಿನಾಂಕ: 18-06-2025
>
> ಇವರಿಗೆ,
> ಪೌರಾಯುಕ್ತರು, ನಗರಸಭೆ, ………
>
> ಮಾನ್ಯರೇ,
>
> ವಿಷಯ: ವಾರ್ಡ್ ಸಂಖ್ಯೆ 14, 3ನೇ ಅಡ್ಡರಸ್ತೆಯಲ್ಲಿ ಒಡೆದಿರುವ ಕುಡಿಯುವ ನೀರಿನ ವಿತರಣಾ ಕೊಳವೆಯ ದುರಸ್ತಿ ಕೋರಿ.
>
> ಉಲ್ಲೇಖ: ದಿನಾಂಕ 04-06-2025ರ ದೂರವಾಣಿ ದೂರು ಮತ್ತು ದೂರು ನೀಡಲು 11-06-2025ರಂದು ಕಚೇರಿಗೆ ನೀಡಿದ ಭೇಟಿ.
>
> 3ನೇ ಅಡ್ಡರಸ್ತೆಯ ವಾಲ್ವ್ ಗುಂಡಿಯಿಂದ ಪೂರ್ವಕ್ಕೆ ಸುಮಾರು 30 ಅಡಿ ದೂರದಲ್ಲಿ, ರಸ್ತೆಯ ಎಡಬದಿಯ ಚರಂಡಿಯ ಪಕ್ಕದಲ್ಲಿ ವಿತರಣಾ ಕೊಳವೆ ಒಡೆದಿದ್ದು, ಕೇಬಲ್ ಅಳವಡಿಸಲು ರಸ್ತೆ ಅಗೆದ ದಿನಾಂಕ 02-06-2025ರಿಂದ ನೀರು ಸೋರುತ್ತಿದೆ. ದಿನ ಬಿಟ್ಟು ದಿನ ಬೆಳಿಗ್ಗೆ 6ರಿಂದ 9ರವರೆಗೆ ನೀರು ಬಿಡುವಾಗ ಮಾತ್ರ ಸೋರಿಕೆ ಕಾಣುತ್ತದೆ. ಬಕೆಟ್ ಅಳತೆಯಂತೆ ಪ್ರತಿ ಸಲ ಕನಿಷ್ಠ 4,000 ಲೀಟರ್ ನೀರು ಚರಂಡಿಗೆ ಹೋಗುತ್ತಿದೆ. ಅಲ್ಲಿಂದ ಮುಂದೆ ಒತ್ತಡ ಕಡಿಮೆಯಾಗಿ ಕೊನೆಯ ಮನೆಗಳಿಗೆ ನೀರು ತಲುಪುತ್ತಿಲ್ಲ. ನೀರು ಬಿಟ್ಟ ಮೊದಲ ಹತ್ತು ನಿಮಿಷ ನಲ್ಲಿಗಳಲ್ಲಿ ವಾಸನೆಯುಳ್ಳ ಕೆಸರು ನೀರು ಬರುತ್ತಿದೆ.
>
> ಆದ್ದರಿಂದ ಕೊಳವೆಯನ್ನು ಕೂಡಲೇ ದುರಸ್ತಿ ಮಾಡಿಸಿ, ನಂತರ ಅದನ್ನು ತೊಳೆಸಿ ನಲ್ಲಿ ನೀರಿನ ಮಾದರಿಯನ್ನು ಪರೀಕ್ಷೆಗೆ ಒಳಪಡಿಸಬೇಕೆಂದೂ, ದ್ವಿಚಕ್ರ ವಾಹನಗಳಿಗೆ ಅಪಾಯಕಾರಿಯಾಗಿರುವ ಗುಂಡಿಯನ್ನು ಮುಚ್ಚಿಸಬೇಕೆಂದೂ ಕೋರುತ್ತೇವೆ.
>
> ವಂದನೆಗಳೊಂದಿಗೆ,
> (ಸಹಿ, ಹೆಸರು, ವಿಳಾಸ, ಮೊಬೈಲ್ ಸಂಖ್ಯೆ)
>
> ಅಡಕ: ಸ್ಥಳದ ಎರಡು ಛಾಯಾಚಿತ್ರಗಳು, ನಿವಾಸಿಗಳ ಸಹಿ ಪಟ್ಟಿ.

ಸ್ಕೂಟರಿನವರು ಬಿದ್ದ ಕಥೆ ಇಲ್ಲಿ ಒಂದು ವಿಶೇಷಣವಾಗಿ ಇಳಿದಿದೆ. ಗುಂಡಿ ಮುಚ್ಚುವ ಕೋರಿಕೆಗೆ ಅಷ್ಟು ಆಧಾರ ಸಾಕು. ಕಚೇರಿಯಲ್ಲಿ ಸಾಹೇಬರು ಸಿಗದೆ ವಾಪಸು ಬಂದದ್ದು ಉಲ್ಲೇಖದ ಒಂದು ದಿನಾಂಕವಾಗಿದೆ, ಮತ್ತು ಕಚೇರಿಗೆ ಮೊದಲೇ ತಿಳಿದಿತ್ತು ಎಂಬುದನ್ನು ಅದು ದೂಷಣೆಯಿಲ್ಲದೆ ಹೇಳುತ್ತದೆ. ಛಾಯಾಚಿತ್ರಗಳಲ್ಲಿ ಒಂದು ನೀರು ಉಕ್ಕುವುದನ್ನು ಹತ್ತಿರದಿಂದ ತೋರಿಸಿದರೆ, ಇನ್ನೊಂದರಲ್ಲಿ ವಾಲ್ವ್ ಗುಂಡಿಯೂ ಒಡೆದ ಜಾಗವೂ ಒಟ್ಟಿಗೆ ಕಾಣುವಂತಿರಬೇಕು.

ಇನ್ನೂ ಕಡಿಮೆ ಮಾಡಬಹುದಲ್ಲವೇ ಎಂದರೆ, "ನಮ್ಮ ರಸ್ತೆಯಲ್ಲಿ ಪೈಪು ಒಡೆದಿದೆ, ದಯವಿಟ್ಟು ಸರಿಪಡಿಸಿ" ಎಂಬಷ್ಟಕ್ಕೂ ಇಳಿಸಬಹುದು. ಆದರೆ ಆಗ ಜೆಇ ಫೋನ್ ಮಾಡಿ ಸ್ಥಳ ಕೇಳಬೇಕಾಗುತ್ತದೆ. ಯಾರಾದರೂ ಫೋನ್ ಮಾಡಿ ಕೇಳಬೇಕಾದ ಪ್ರಶ್ನೆಯೊಂದು ಉಳಿದಿದ್ದರೆ ಕತ್ತರಿ ಅತಿಯಾಯಿತೆಂದು ತಿಳಿಯಬೇಕು. ಬಡಾವಣೆಯ ಪರಿಚಯವಿಲ್ಲದ ಒಬ್ಬರ ಕೈಗೆ ಪತ್ರ ಕೊಟ್ಟು, ಅದನ್ನು ಓದಿಕೊಂಡು ಆ ಜಾಗಕ್ಕೆ ಹೋಗಿ ನಿಲ್ಲಲು ಹೇಳಿದರೆ ಇದು ಕೂಡಲೇ ಗೊತ್ತಾಗುತ್ತದೆ.

ವಿಳಾಸ, ಸ್ವೀಕೃತಿ, ನೆನಪೋಲೆ

ನಗರಸಭೆಯಲ್ಲಿ ಪೌರಾಯುಕ್ತರು ಇರುವ ಸ್ಥಾನದಲ್ಲಿ ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳಲ್ಲಿ ಮುಖ್ಯಾಧಿಕಾರಿ, ಮಹಾನಗರ ಪಾಲಿಕೆಯಲ್ಲಿ ಆಯುಕ್ತರು ಇರುತ್ತಾರೆ. ಬೆಂಗಳೂರಿನಲ್ಲಿ ಕೊಳವೆ ನೀರು ಪಾಲಿಕೆಯದಲ್ಲ, ಜಲಮಂಡಳಿಯದು. ಅಲ್ಲಿ ಮೊದಲು 1916ಕ್ಕೆ ಕರೆ ಮಾಡಿ, ಸಿಗುವ ದೂರು ಸಂಖ್ಯೆಯನ್ನು ಉಲ್ಲೇಖದ ಸಾಲಿನಲ್ಲಿ ಬರೆಯಬೇಕು.

ಪತ್ರದ ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ಆವಕ ವಿಭಾಗದ ಮೊಹರು, ದಿನಾಂಕ ಮತ್ತು ಕ್ರಮಸಂಖ್ಯೆಯನ್ನು ಹಾಕಿಸಿಕೊಂಡು ಬನ್ನಿ. ಕೆಲಸ ಆಗದಿದ್ದರೆ ಮತ್ತೆ ಹೊಸದಾಗಿ ದೂರು ಬರೆಯಬಾರದು, ಏಕೆಂದರೆ ಹೊಸ ಪತ್ರಕ್ಕೆ ಹೊಸ ಕ್ರಮಸಂಖ್ಯೆ ಬಿದ್ದು ಹಳೆಯ ಪತ್ರ ಕೊಟ್ಟಂದಿನಿಂದ ಕಳೆದ ದಿನಗಳ ಲೆಕ್ಕ ತಪ್ಪುತ್ತದೆ. ಬೇಕಾಗಿರುವುದು ಮೊಹರು ಹಾಕಿದ ಪ್ರತಿಯ ನಕಲಿನೊಂದಿಗೆ ಒಂದು ನೆನಪೋಲೆ, ಅದು ಇಷ್ಟಿದ್ದರೆ ಸಾಕು:

> ವಿಷಯ: ವಾರ್ಡ್ ಸಂಖ್ಯೆ 14, 3ನೇ ಅಡ್ಡರಸ್ತೆಯ ನೀರಿನ ಕೊಳವೆ ದುರಸ್ತಿ – ನೆನಪೋಲೆ.
>
> ಉಲ್ಲೇಖ: ನಮ್ಮ ದಿನಾಂಕ 18-06-2025ರ ಪತ್ರ, ತಮ್ಮ ಕಚೇರಿಯ ಆವಕ ಸಂಖ್ಯೆ ………
>
> ಉಲ್ಲೇಖಿತ ಪತ್ರದಲ್ಲಿ ಕೋರಿದ ದುರಸ್ತಿ ಈವರೆಗೆ ಆಗಿಲ್ಲ, ಸೋರಿಕೆ ಮುಂದುವರಿದಿದೆ. ದುರಸ್ತಿಯ ದಿನಾಂಕವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.